ಕಲ್ಪನೆಯ ಅಜ್ಜಿಗೆ ಕೇಳಿದ ನಿಜವಾದ ಪ್ರಶ್ನೆಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗೋಷ್ಠಿಯಲ್ಲಿ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ಐವತ್ತು ವರ್ಷಗಳ ಬಗ್ಗೆ ಮಾತನಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ಒಂದು ವಿಷಯ ಹೇಳಿ ಕೂರುತ್ತೇನೆ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಒಂದು ಗುಂಪು ಯೋಜನಾ ಕಾರ್ಯಕ್ಕೆಂದು ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರೊಬ್ಬರ ಕಾಲ್ಪನಿಕ ಸಂದರ್ಶನ ಬರೆಯಿತು. ಏಳು ಮಕ್ಕಳ ಗುಂಪು. ಎರಡು ವಾರದಲ್ಲಿ ಮುಗಿಯಬೇಕಾದ ಕೆಲಸ ಎರಡು ತಿಂಗಳು ಹಿಡಿಯಿತು. ಅಷ್ಟು ಸಮಯ ಯಾಕೆ ಹಿಡಿಯಿತು ಎಂಬುದೇ ನನ್ನ ಇಂದಿನ ವಿಷಯ.

ನಮ್ಮದು ಅಂಕೋಲೆಯ ಸೀಮೆ. ಗಾಂಧೀಜಿ 1930ರ ಏಪ್ರಿಲ್ 6ರಂದು ದಾಂಡಿಯಲ್ಲಿ ಉಪ್ಪಿನ ಕಾನೂನು ಮುರಿದ ಒಂದು ವಾರಕ್ಕೆ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಆ ಕಾನೂನನ್ನು ಮುರಿದರು. ಆಮೇಲೆ ಇಲ್ಲಿಯ ರೈತರು ಭೂಮಿಯ ತೀರ್ವೆ ಕಟ್ಟುವುದಿಲ್ಲ ಎಂದು ನಿಂತರು. ಇದು ನಮ್ಮೆಲ್ಲರಿಗೂ ಗೊತ್ತು. ಆದರೆ ಅದರಲ್ಲಿ ಪಾಲ್ಗೊಂಡವರನ್ನು ಕೇಳೋಣವೆಂದರೆ ಯಾರೂ ಉಳಿದಿರಲಿಲ್ಲ. 1930ರಲ್ಲಿ ಹದಿನಾಲ್ಕು ವರ್ಷದವರಾಗಿದ್ದರೂ ಅವರ ಹುಟ್ಟು 1916. ಆದ್ದರಿಂದ ಕಲ್ಪಿಸಿ ಬರೆಯಿರಿ ಎಂದು ನಾನೇ ಹೇಳಿದೆ. ಹೇಳುವಾಗ ಅದು ಸುಲಭದ ದಾರಿ ಎಂದುಕೊಂಡಿದ್ದೆ.

ಮೊದಲ ಕರಡನ್ನು ಮಕ್ಕಳು ನಾಲ್ಕೇ ದಿನದಲ್ಲಿ ತಂದರು. ಒಬ್ಬ ಅಜ್ಜ ಕುರ್ಚಿಯಲ್ಲಿ ಕೂತು ಭಾಷಣ ಮಾಡುತ್ತಿದ್ದ. 'ನಮ್ಮ ಕರ್ನಾಟಕ ರಾಜ್ಯದ ಜನರು ಎದೆಗುಂದಲಿಲ್ಲ' ಎನ್ನುತ್ತಿದ್ದ. ಕಡಲತೀರದಲ್ಲಿ 'ಬ್ರಿಟಿಷರೇ ಭಾರತ ಬಿಟ್ಟು ತೊಲಗಿ' ಎಂದು ಕೂಗಿದೆವು ಎನ್ನುತ್ತಿದ್ದ. ಅಶೋಕ ಚಕ್ರದ ಬಾವುಟ ಹಿಡಿದಿದ್ದೆವು ಎನ್ನುತ್ತಿದ್ದ. ಅರ್ಧ ಗಂಟೆಯಲ್ಲಿ ಒಂದು ಮೂಟೆ ಉಪ್ಪು ಮಾಡಿ ಬಡವರಿಗೆ ಹಂಚಿದೆವು ಎನ್ನುತ್ತಿದ್ದ.

ನಾನು ಕೆಂಪು ಶಾಯಿ ಮುಟ್ಟಲಿಲ್ಲ. ಒಂದೊಂದೇ ಸಾಲು ಓದಿ, ಇದು ಆ ದಿನ ಆಗಬಹುದಿತ್ತೇ ಎಂದು ಕೇಳಿದೆ. 1930ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕನ್ನಡ ನಾಡು ಒಂದು ರಾಜ್ಯವಾದದ್ದು 1956ರಲ್ಲಿ, ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. 'ಭಾರತ ಬಿಟ್ಟು ತೊಲಗಿ' ಎಂಬ ಕೂಗು 1942ರದು. ಅಶೋಕ ಚಕ್ರದ ಬಾವುಟ 1947ರದು. 1930ರಲ್ಲಿ ಸತ್ಯಾಗ್ರಹಿಗಳ ಕೈಯಲ್ಲಿ ಇದ್ದದ್ದು ಚರಕದ ಬಾವುಟ. ಪುಸ್ತಕ ತೆಗೆದು ನೋಡಿದಾಗ ಮಕ್ಕಳಿಗೆ ಇವು ಮೂರೂ ತಾವಾಗಿಯೇ ಸಿಕ್ಕವು. ಇಂಥ ತಪ್ಪು ಹಿಡಿಯುವುದು ಕಷ್ಟವಲ್ಲ. ಪ್ರತಿ ಸಾಲಿನ ಪಕ್ಕ ಒಂದು ಇಸವಿ ಬರೆದರೆ ಸಾಕು. ಹಿಡಿಯುವುದಕ್ಕೆ ಕಷ್ಟವಾದದ್ದು ಉಪ್ಪಿನ ಮೂಟೆ. ಅದು ತಪ್ಪು ಎಂದು ನನಗೂ ಆಗ ಗೊತ್ತಿರಲಿಲ್ಲ.

ಅದಕ್ಕೆ ಬರುವ ಮೊದಲು, ನಾವು ಮಾಡಿಕೊಂಡ ಎರಡು ನಿಯಮ ಹೇಳುತ್ತೇನೆ.

ಮೊದಲನೆಯದು, ಮಾತನಾಡುವವರು ಯಾರು ಎಂದು ಗಟ್ಟಿ ಮಾಡಿಕೊಳ್ಳುವುದು. ಮುಂದಾಳುಗಳ ಬಗ್ಗೆ ಪುಸ್ತಕಗಳಿವೆ. ಅವರ ಬಾಯಲ್ಲಿ ನಾವು ಮಾತು ಹುಟ್ಟಿಸಿ ಇಟ್ಟರೆ ಅದು ಅವರಿಗೆ ಮಾಡುವ ಅನ್ಯಾಯ. ಆದ್ದರಿಂದ ಹೆಸರಿಲ್ಲದ ಒಬ್ಬ ಅಜ್ಜಿಯನ್ನು ಆರಿಸಿಕೊಂಡೆವು. ಹುಟ್ಟಿದ್ದು 1916. ಗಜನಿ ಭೂಮಿಯ ಪಕ್ಕದ ಹಳ್ಳಿ. ಅಪ್ಪನಿಗೆ ಸ್ವಲ್ಪ ಗದ್ದೆ, ಅದರಲ್ಲಿ ಅರ್ಧ ಉಪ್ಪುನೀರು ನುಗ್ಗುವ ಗಜನಿ, ಅಲ್ಲಿ ಕಗ್ಗ ಭತ್ತ. ಶಾಲೆಗೆ ಹೋಗಿಲ್ಲ. ಸಂದರ್ಶನ ನಡೆದದ್ದು 1990ರಲ್ಲಿ, ಅಜ್ಜಿಗೆ ಎಪ್ಪತ್ತನಾಲ್ಕು ವರ್ಷ ಎಂದು ಇಟ್ಟುಕೊಂಡೆವು. ಇಷ್ಟು ಗಟ್ಟಿಯಾದ ಕೂಡಲೇ ಅಜ್ಜಿ ಏನು ಹೇಳಬಾರದು ಎಂಬುದು ತಾನಾಗಿ ಗೊತ್ತಾಯಿತು. ದುಂಡುಮೇಜಿನ ಪರಿಷತ್ತಿನ ಬಗ್ಗೆ ಆಕೆ ಹೇಳಬಾರದು. ವೈಸರಾಯ್ ಏನಂದ ಎಂದು ಹೇಳಬಾರದು. ತನ್ನ ಕಣ್ಣಿಗೆ ಕಂಡದ್ದು, ಮನೆಯಲ್ಲಿ ಕೇಳಿದ್ದು, ಇಷ್ಟೇ ಆಕೆಯ ಪಾಲು.

ಎರಡನೆಯದು, ಹಾಳೆಯನ್ನು ಮೂರು ಭಾಗ ಮಾಡುವುದು. ಎಡಕ್ಕೆ, ಪುಸ್ತಕದಲ್ಲಿ ಖಚಿತವಾಗಿ ಇರುವುದು. ನಡುವೆ, ಆ ಕಾಲದ ಆ ಮನೆಯಲ್ಲಿ ಆಗಿರಬಹುದಾದದ್ದು. ಬಲಕ್ಕೆ, ನಾವೇ ಕಟ್ಟಿದ್ದು. ಒಂದೊಂದು ಉತ್ತರವನ್ನೂ ಯಾವ ಭಾಗದಿಂದ ಬಂತು ಎಂದು ಗುರುತು ಮಾಡಬೇಕು. ಎಡಭಾಗ ಖಾಲಿ ಇದ್ದ ಪ್ರಶ್ನೆಯನ್ನು ಕೈಬಿಡಬೇಕು, ಇಲ್ಲವೇ ಹುಡುಕಿಕೊಂಡು ಬರಬೇಕು.

ಈಗ ಉಪ್ಪಿನ ಮೂಟೆಯ ವಿಷಯ. 'ಅರ್ಧ ಗಂಟೆಯಲ್ಲಿ ಒಂದು ಮೂಟೆ' ಎಂದು ಬರೆದ ಹುಡುಗನಿಗೆ, ನೀನು ಉಪ್ಪು ಮಾಡಿ ನೋಡಿದ್ದೀಯಾ ಎಂದು ಕೇಳಿದೆ. 'ಇಲ್ಲ ಸರ್, ಅಂಗಡಿಯಿಂದ ತಂದಿದ್ದೇವೆ' ಎಂದ. ಒಂದು ಶನಿವಾರ ಮಧ್ಯಾಹ್ನ ಬಿಸಿಯೂಟದ ಕೋಣೆಯ ಹಿಂದೆ ಮೂರು ಕಲ್ಲು ಇಟ್ಟು ಒಲೆ ಹೂಡಿದೆವು. ಕಡಲಿನಿಂದ ಐದು ಲೀಟರ್ ನೀರು ತಂದು, ಬಟ್ಟೆಯಲ್ಲಿ ಸೋಸಿ, ಅಗಲ ಬಾಯಿಯ ಪಾತ್ರೆಯಲ್ಲಿ ಕುದಿಸಿದೆವು. ನೀರು ಪೂರ್ತಿ ಇಂಗುವುದಕ್ಕೆ ಮೂರು ಗಂಟೆ ಹಿಡಿಯಿತು. ಏಳೆಂಟು ಕಿಲೋ ಸೌದೆ ಉರಿಯಿತು. ಕೊನೆಗೆ ತಳದಲ್ಲಿ ಉಳಿದದ್ದು ಸುಮಾರು 150 ಗ್ರಾಂ. ಸಮುದ್ರದ ನೀರಿನಲ್ಲಿ ನೂರಕ್ಕೆ ಮೂರೂವರೆ ಪಾಲು ಮಾತ್ರ ಲವಣ. ಒಂದು ಲೀಟರಿಗೆ 35 ಗ್ರಾಂ. ಅದರಲ್ಲಿ ತಳ ಹಿಡಿದದ್ದು, ಚೆಲ್ಲಿದ್ದು ಹೋದರೆ ನಮಗೆ ಸಿಕ್ಕಿದ್ದೇ ಲೆಕ್ಕ.

ಆ ಉಪ್ಪನ್ನು ನಾಲಿಗೆಗೆ ಇಟ್ಟ ಒಬ್ಬ ಹುಡುಗಿ ಮುಖ ಕಿವುಚಿದಳು. ಕಹಿ. ಸಂಜೆಯ ಹೊತ್ತಿಗೆ ಅದು ನೀರೊಡೆದು ಒದ್ದೆಯಾಯಿತು. ವಿಜ್ಞಾನದ ಮೇಡಂ ಕಾರಣ ಹೇಳಿದರು. ಕಡಲ ನೀರು ಕುದಿಯುತ್ತ ಗಟ್ಟಿಯಾಗುವಾಗ ಮೊದಲು ಸುಣ್ಣದಂಥ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ, ಆಮೇಲೆ ಅಡುಗೆಯ ಉಪ್ಪು ಹರಳುಗಟ್ಟುತ್ತದೆ, ಕಟ್ಟಕಡೆಗೆ ಉಳಿಯುವ ನೀರಿನಲ್ಲಿ ಮೆಗ್ನೀಸಿಯಂ ಲವಣಗಳಿರುತ್ತವೆ. ಕಹಿ ಅದರದು, ಗಾಳಿಯ ತೇವ ಎಳೆದುಕೊಳ್ಳುವುದೂ ಅದೇ. ನಾವು ಪೂರ್ತಿ ಇಂಗಿಸಿದ್ದರಿಂದ ಆ ಕಹಿಯೂ ಉಪ್ಪಿನಲ್ಲೇ ಉಳಿದಿತ್ತು. ತಳದಲ್ಲಿ ಇನ್ನೂ ಸ್ವಲ್ಪ ನೀರಿರುವಾಗಲೇ ಇಳಿಸಿ, ಹರಳನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ, ಕಹಿನೀರು ಬಸಿದುಹೋಗುವಂತೆ ಮಾಡಬೇಕಿತ್ತು.

ಮುಂದಿನ ವಾರ ಒಬ್ಬ ಹುಡುಗನ ಅಜ್ಜ ಇನ್ನೊಂದು ದಾರಿ ಹೇಳಿಕೊಟ್ಟರು. ಬೇಸಿಗೆಯಲ್ಲಿ ಗಜನಿಯ ಒಣ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ. ಅದನ್ನು ಮೇಲಿಂದ ಮೇಲೆ ಕೆರೆದು, ತಳದಲ್ಲಿ ತೂತಿರುವ ಮಡಕೆಗೆ ಹುಲ್ಲು ಮತ್ತು ಬಟ್ಟೆ ಹಾಸಿ ತುಂಬಬೇಕು. ಮೇಲೆ ನೀರು ಹೊಯ್ದರೆ ಕೆಳಗೆ ತಿಳಿಯಾದ ಉಪ್ಪುನೀರು ತೊಟ್ಟಿಕ್ಕುತ್ತದೆ. ಅದನ್ನು ಕುದಿಸಬೇಕು. ಹಾಗೆ ಮಾಡಿದಾಗ ಎರಡೇ ಲೀಟರ್ ನೀರಿನಿಂದ ಕಾಲು ಕಿಲೋಗೂ ಹೆಚ್ಚು ಉಪ್ಪು ಬಂತು, ಸೌದೆಯೂ ಅರ್ಧಕ್ಕಿಂತ ಕಡಿಮೆ ಸಾಕಾಯಿತು. ಕಹಿನೀರು ಬಸಿದದ್ದರಿಂದ ಆ ಉಪ್ಪು ಬಾಯಿಗೆ ಹಿತವಾಗಿಯೂ ಇತ್ತು.

ಇದಾದ ಮೇಲೆ ತೆರಿಗೆಯ ಲೆಕ್ಕ ಹಾಕಿದೆವು. 1930ರಲ್ಲಿ ಒಂದು ಮಣ ಉಪ್ಪಿಗೆ ಸರಕಾರದ ತೆರಿಗೆ ಒಂದು ರೂಪಾಯಿ ನಾಲ್ಕು ಆಣೆ. ಆ ಮಣ ಎಂದರೆ ಸುಮಾರು 37 ಕಿಲೋ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಅಂದರೆ 37 ಕಿಲೋಗೆ 240 ಪೈ; ಕಿಲೋಗೆ ಆರೂವರೆ ಪೈ. ನಾವು ಏಳೆಂಟು ಕಿಲೋ ಸೌದೆ ಉರಿಸಿ ಮಾಡಿದ 150 ಗ್ರಾಂ ಉಪ್ಪಿನ ಮೇಲಿನ ತೆರಿಗೆ ಒಂದೇ ಒಂದು ಪೈ!

ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಎದ್ದು, 'ಹಾಗಾದರೆ ಸರ್, ದುಡ್ಡು ಉಳಿಸುವುದಕ್ಕೆ ಉಪ್ಪು ಮಾಡಲಿಲ್ಲ' ಎಂದಳು. ಅವರ ಕರಡಿನಲ್ಲಿ 'ಬಡವರಿಗೆ ಅಗ್ಗದ ಉಪ್ಪು ಕೊಡುವುದಕ್ಕಾಗಿ' ಎಂದಿತ್ತು. ವರ್ಷವಿಡೀ ಉಪ್ಪು ಕೊಳ್ಳುವ ಕೂಲಿಯ ಮನೆಗೆ ಆ ತೆರಿಗೆ ಭಾರವೇ ಆಗಿತ್ತು, ಅದು ಸುಳ್ಳಲ್ಲ. ಆದರೆ ಕಡಲತೀರದಲ್ಲಿ ಮಡಕೆ ಇಟ್ಟವರು ಆ ಭಾರವನ್ನು ಮಡಕೆಯಿಂದ ಇಳಿಸಹೊರಟವರಲ್ಲ. ಯಾರು ಬೇಕಾದರೂ ಮುರಿಯಬಹುದಾದ ಒಂದು ಕಾನೂನನ್ನು ಎಲ್ಲರ ಕಣ್ಣೆದುರು ಮುರಿದರು. ಅದಕ್ಕೇ ಆ ಉಪ್ಪನ್ನು ಪೊಟ್ಟಣ ಕಟ್ಟಿ ಹರಾಜಿಗೆ ಇಟ್ಟರು. ಜನ ಬೆಲೆಗೆ ಮೀರಿ ಕೊಟ್ಟು ಕೊಂಡರು. ಸಂದರ್ಶನದ ಆ ಭಾಗವನ್ನು ಮಕ್ಕಳು ಹೊಸದಾಗಿ ಬರೆದರು. ಅದನ್ನು ಓದುತ್ತೇನೆ.

ವಿದ್ಯಾರ್ಥಿನಿ: ಅಜ್ಜಿ, ಏಪ್ರಿಲ್ 13ರಂದು ನೀವು ಅಂಕೋಲೆಗೆ ಹೋಗಿದ್ದಿರಾ?

ಅಜ್ಜಿ: ಹೋಗಿದ್ದೆ ಮಗಾ. ಅಪ್ಪನ ಸಂಗಡ ನಡೆದೇ ಹೋದದ್ದು.

ವಿದ್ಯಾರ್ಥಿನಿ: ಉಪ್ಪು ಮಾಡುವುದನ್ನು ನೋಡಿದಿರಾ?

ಅಜ್ಜಿ: ಇಲ್ಲ. ಜನ ಅಷ್ಟು ಸೇರಿತ್ತು. ನಾನು ಕುಳ್ಳಿ. ನನಗೆ ಕಂಡದ್ದು ಜನರ ಬೆನ್ನು. ಮುಂದೆ ಯಾರೋ ಜಯಕಾರ ಹಾಕಿದರು, ನಾವೂ ಹಾಕಿದೆವು. ಆವಾಗ ಆಗಿರಬೇಕು.

ವಿದ್ಯಾರ್ಥಿನಿ: ನೀವು ಉಪ್ಪು ಮಾಡಲೇ ಇಲ್ಲವೇ?

ಅಜ್ಜಿ: ಆಮೇಲೆ ಮಾಡಿದ್ದು. ನಮ್ಮ ಕೇರಿಯ ಹೆಂಗಸರು ಗಜನಿಯ ಉಪ್ಪುಮಣ್ಣು ಕೆರೆದು ತಂದೆವು. ಮೊದಲ ಸಲದ್ದು ಕಹಿಯಾಗಿತ್ತು. ಅವ್ವ ಹೇಳಿದಳು, ಕಹಿಯಾದರೂ ಇದು ಸರಕಾರದ್ದಲ್ಲ, ನಮ್ಮದು ಅಂತ. ಸಾರಿಗೆ ಹಾಕಿದೆವು. ಅಪ್ಪ ಏನೂ ಹೇಳದೆ ಉಂಡ.

ವಿದ್ಯಾರ್ಥಿನಿ: ಅದರಿಂದ ನಿಮಗೆ ಎಷ್ಟು ದುಡ್ಡು ಉಳಿಯಿತು?

ಅಜ್ಜಿ: (ನಗುತ್ತಾ) ಸೌದೆ ಮಾರಿದ್ದರೆ ಅದಕ್ಕಿಂತ ಹೆಚ್ಚು ಸಿಗುತ್ತಿತ್ತು!

'ನನಗೆ ಕಂಡದ್ದು ಜನರ ಬೆನ್ನು' ಎಂಬ ಉತ್ತರದ ಬಗ್ಗೆ ಗುಂಪಿನಲ್ಲಿ ಜಗಳವೇ ಆಯಿತು. ಇಷ್ಟು ದೂರ ಹೋಗಿ ಏನೂ ನೋಡಲಿಲ್ಲ ಎಂದರೆ ಮಾರ್ಕು ಹೋಗುತ್ತದೆ ಎಂದು ಕೆಲವರ ಹೆದರಿಕೆ. ದೊಡ್ಡ ಘಟನೆಗೆ ಹೋದ ಹದಿನಾಲ್ಕರ ಹುಡುಗಿಗೆ ಸಾಮಾನ್ಯವಾಗಿ ಕಾಣುವುದು ಬೆನ್ನೇ ಎಂದು ನಾನು ಹೇಳಿದೆ. ನಿಜವಾದ ಸಂದರ್ಶನಗಳಲ್ಲೂ ಎಲ್ಲವನ್ನೂ ಕಂಡೆ ಎನ್ನುವವರ ಮಾತನ್ನೇ ಎರಡು ಸಲ ತೂಗಬೇಕಾಗುತ್ತದೆ.

ಇನ್ನು ಕರನಿರಾಕರಣೆ. ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ರೈತರು 1931ರಲ್ಲಿ ಭೂಮಿಯ ತೀರ್ವೆ ಕೊಡದೆ ನಿಂತರು. ಆ ವರ್ಷ ಮಾರ್ಚ್ 5ರಂದು ಗಾಂಧೀಜಿಗೂ ವೈಸರಾಯ್ ಇರ್ವಿನ್‌ಗೂ ಒಪ್ಪಂದವಾಗಿ ಚಳವಳಿ ನಿಂತಿತು. 1932ರಲ್ಲಿ ಗಾಂಧೀಜಿಯವರನ್ನು ಮತ್ತೆ ಬಂಧಿಸಿದ ಮೇಲೆ ಪುನಃ ಶುರುವಾಯಿತು. ಉಪ್ಪಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವನ್ನು ಮಕ್ಕಳು ಗಮನಿಸಬೇಕಿತ್ತು. ಉಪ್ಪು ಮಾಡಿದವರು ಕೆಲವು ತಿಂಗಳು ಜೈಲಿಗೆ ಹೋಗಿ ಮರಳಿ ಬರಬಹುದು. ತೀರ್ವೆ ಕೊಡದಿದ್ದರೆ ಮೊದಲು ನೋಟೀಸು, ಆಮೇಲೆ ಮನೆಯ ಸಾಮಾನಿನ ಜಪ್ತಿ, ದನಕರುಗಳ ಜಪ್ತಿ, ಕೊನೆಗೆ ಭೂಮಿಯೇ ಸರಕಾರಕ್ಕೆ ಸೇರಿ ಲಿಲಾವಿಗೆ ಬರುತ್ತದೆ. ಇಲ್ಲಿ ಪಣಕ್ಕೆ ಇಟ್ಟದ್ದು ಇಡೀ ಮನೆಯನ್ನು, ಹಾಲುಗಲ್ಲದ ಮಕ್ಕಳನ್ನೂ ಸೇರಿಸಿ.

ಮಕ್ಕಳ ಮೊದಲ ಪ್ರಶ್ನೆ ಹೀಗಿತ್ತು: 'ಭೂಮಿ ಹೋದಾಗ ನಿಮಗೆ ಹೆಮ್ಮೆಯಾಯಿತೇ?' ಇದು ಪ್ರಶ್ನೆಯೇ ಅಲ್ಲ, ಉತ್ತರವನ್ನೇ ಪ್ರಶ್ನೆಯ ರೂಪದಲ್ಲಿ ಕೊಟ್ಟ ಹಾಗೆ. ಹೌದು ಎನ್ನುವುದು ಬಿಟ್ಟು ಅಜ್ಜಿಗೆ ಬೇರೆ ದಾರಿಯಿಲ್ಲ. ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆಯನ್ನು ಬಿಟ್ಟು, ಏನಾಯಿತು, ಯಾರು ಏನೆಂದರು, ಆ ರಾತ್ರಿ ಏನು ಉಂಡಿರಿ ಎಂದು ಕೇಳಿ ಎಂದೆ. ಆಗ ಬಂದದ್ದು ಇದು.

ವಿದ್ಯಾರ್ಥಿ: ತೀರ್ವೆ ಕೊಡುವುದಿಲ್ಲ ಎಂದು ಮನೆಯಲ್ಲಿ ಯಾರು ತೀರ್ಮಾನ ಮಾಡಿದರು?

ಅಜ್ಜಿ: ಅಪ್ಪ. ಊರ ಸಭೆಗೆ ಹೋಗಿ ಬಂದು ಹೇಳಿದ. ಅವ್ವನಿಗೆ ಕೇಳಲಿಲ್ಲ.

ವಿದ್ಯಾರ್ಥಿ: ಅವ್ವ ಏನು ಹೇಳಿದರು?

ಅಜ್ಜಿ: ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹಂಡೆ, ತಪ್ಪಲೆ, ಕೊಡಪಾನ ಎಲ್ಲ ತೊಳೆದು ಗೋಣಿಯಲ್ಲಿ ತುಂಬಿ, ರಾತ್ರಿ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಮಾವನ ಮನೆಗೆ ಹೊತ್ತಳು. ಜಪ್ತಿಯವರು ಬಂದಾಗ ಮನೆಯಲ್ಲಿ ಮಣ್ಣಿನ ಮಡಕೆ ಇತ್ತು ಅಷ್ಟೆ.

ವಿದ್ಯಾರ್ಥಿ: ಜಪ್ತಿಯವರು ಏನು ಒಯ್ದರು?

ಅಜ್ಜಿ: ಎತ್ತು. ಎತ್ತನ್ನು ಗೋಣಿಯಲ್ಲಿ ತುಂಬುವುದಕ್ಕೆ ಬರುತ್ತದೆಯೇ ಮಗಾ?

ಈ ಉತ್ತರ ಎಡಭಾಗದಿಂದ ಬಂದದ್ದಲ್ಲ, ನಡುವಿನ ಭಾಗದಿಂದ ಬಂದದ್ದು. ಸಾಮಾನು ಜಪ್ತಿ, ದನಕರು ಜಪ್ತಿ ಖಚಿತ. ಆ ಮನೆಯ ಹಂಡೆ, ಆ ಮನೆಯ ಎತ್ತು ಮಕ್ಕಳು ಕಟ್ಟಿದ್ದು. ಹಾಗೆಂದು ಅಂಚಿನಲ್ಲಿ ಬರೆದಿದ್ದಾರೆ.

ಈಗ ಎರಡು ತಿಂಗಳು ಹಿಡಿದ ನಿಜವಾದ ಕಾರಣಕ್ಕೆ ಬರುತ್ತೇನೆ. ಭೂಮಿ ಲಿಲಾವಾಯಿತು ಎಂದು ಬರೆದ ಮೇಲೆ, ಅದನ್ನು ಕೊಂಡವರು ಯಾರು ಎಂಬ ಪ್ರಶ್ನೆ ಬಂತು. ಗುಂಪಿನ ಒಬ್ಬಳು 'ದ್ರೋಹಿಗಳು' ಎಂದು ಬರೆದಳು. ಮರುದಿನ ಆ ಗುಂಪಿನ ಒಬ್ಬ ಹುಡುಗ ನನ್ನ ಬಳಿ ಬಂದು, ತಾನು ಬೇರೆ ಗುಂಪಿಗೆ ಹೋಗುತ್ತೇನೆ ಎಂದ. ಏಕೆ ಎಂದರೆ ಹೇಳಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ, 'ಸರ್, ನಮ್ಮ ಮುತ್ತಜ್ಜ ಆಗ ಒಂದು ಗದ್ದೆ ಹಿಡಿದಿದ್ದರಂತೆ' ಎಂದ.

ನನಗೆ ತಕ್ಷಣ ಏನು ಹೇಳಬೇಕೆಂದು ತಿಳಿಯಲಿಲ್ಲ. ಆ ಭಾಗವನ್ನೇ ಬಿಟ್ಟುಬಿಡೋಣ ಎಂದು ಒಂದು ರಾತ್ರಿ ಯೋಚಿಸಿದೆ. ಊರಿನಲ್ಲಿ ಇನ್ನೂ ಮನೆತನಗಳಿವೆ, ಮಾತು ಬೆಳೆಯುತ್ತದೆ. ಆದರೆ ಬಿಟ್ಟರೆ ಭೂಮಿ ಗಾಳಿಗೆ ಲಿಲಾವಾದ ಹಾಗೆ ಆಗುತ್ತದೆ. ಹಿಡಿದವರು ಇಲ್ಲದೆ ಲಿಲಾವು ಆಗುವುದಿಲ್ಲ. ಬೆಳಿಗ್ಗೆ ಆ ಹುಡುಗನಿಗೆ, ಈ ಪ್ರಶ್ನೆಯನ್ನು ನೀನೇ ಬರೆ, ಅಜ್ಜಿಗೆ ನೀನೇ ಕೇಳು, ಅದಕ್ಕೆ ಮೊದಲು ಮನೆಯಲ್ಲಿ ಕೇಳಿಕೊಂಡು ಬಾ ಎಂದೆ. ಸಂಜೆ ನಾನೂ ಅವರ ಮನೆಗೆ ಹೋದೆ. ಮಗುವಿನ ಕೈಯಲ್ಲಿ ಇಷ್ಟು ಭಾರ ಕೊಟ್ಟು ಕಳಿಸುವುದು ಸರಿಯಲ್ಲ ಎನ್ನಿಸಿತು.

ಅವನ ಅಜ್ಜ ಮೊದಲು ಸಿಟ್ಟಾದರು. ಶಾಲೆಗೆ ಇದೆಲ್ಲ ಏಕೆ ಬೇಕು ಎಂದರು. ಚಹಾ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. ಅವರ ಅಪ್ಪ ಸ್ವಂತ ಭೂಮಿಯಿಲ್ಲದ ಗೇಣಿ ಒಕ್ಕಲು. ಆ ಗದ್ದೆಯನ್ನೇ ಗೇಣಿಗೆ ಮಾಡುತ್ತಿದ್ದರು. ಬೇರೆ ಊರಿನವನು ಲಿಲಾವಿನಲ್ಲಿ ಹಿಡಿದರೆ ತಮ್ಮ ಬೇಸಾಯ ಹೋಗುತ್ತದೆ ಎಂದು ಸಾಲ ಮಾಡಿ ತಾವೇ ಹಿಡಿದರು. ಊರು ಅವರನ್ನು ಹಲವು ವರ್ಷ ಕರೆಯಲಿಲ್ಲ. ಆಮೇಲೆ ಭೂಮಿ ಮೊದಲಿನವರಿಗೆ ಹೋಯಿತು. 'ಹೆಸರು ಹಾಕಬೇಡಿ, ಊರು ಹಾಕಬೇಡಿ, ಉಳಿದದ್ದು ಬರೆಯಿರಿ' ಎಂದರು. ನಾನು ಮಾತು ಕೊಟ್ಟೆ. ಇಂದು ಈ ವೇದಿಕೆಯಿಂದ ಹೇಳುವುದಕ್ಕೂ ಆ ಮನೆಯವರನ್ನು ಕೇಳಿಯೇ ಬಂದಿದ್ದೇನೆ.

ಅಷ್ಟರಲ್ಲಿ ಎಡಭಾಗದ ಹಾಳೆಗೂ ಒಂದು ಮುಖ್ಯ ವಿಷಯ ಸಿಕ್ಕಿತು. 1931ರ ಒಪ್ಪಂದದಲ್ಲಿ, ಜಪ್ತಿಯಾಗಿ ಸರಕಾರದ ಬಳಿಯೇ ಉಳಿದಿರುವ ಭೂಮಿಯನ್ನು ಹಿಂದಿರುಗಿಸುವ ಮಾತಿತ್ತು. ಆದರೆ ಬೇರೆಯವರಿಗೆ ಮಾರಿಹೋದ ಭೂಮಿಯ ವಿಷಯ ಸರಕಾರದ ಮಟ್ಟಿಗೆ ಮುಗಿದದ್ದು ಎಂದಿತ್ತು. ಹಾಗಾಗಿ ಕೊಂಡವನ ಮನಸ್ಸಿನ ಮೇಲೆಯೇ ಎಲ್ಲವೂ ನಿಂತಿತು. ಸಿದ್ದಾಪುರ ತಾಲ್ಲೂಕಿನಲ್ಲಿ ಜಪ್ತಿಯಾದ ಆಸ್ತಿ ಕೊಂಡವರ ಮನೆಗಳ ಮುಂದೆ ಹೆಂಗಸರು ಉಪವಾಸ ಕೂತದ್ದು ಇದೇ ಕಾರಣಕ್ಕೆ. ಮಾವಿನಗುಂಡಿಯಲ್ಲಿ ಆ ಮಹಿಳೆಯರ ನೆನಪಿಗೆ ಸ್ಮಾರಕವಿದೆ. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಸರಕಾರ ಬಂದ ಮೇಲೆಯೇ, ಹೋದ ಭೂಮಿಗಳನ್ನು ಮೂಲ ರೈತರಿಗೆ ಕೊಡಿಸುವ ಕಾನೂನಿನ ದಾರಿ ತೆರೆಯಿತು. ಅಷ್ಟು ವರ್ಷ ಭೂಮಿ ಕಳೆದುಕೊಂಡವರೂ ಕೊಂಡವರೂ ಒಂದೇ ಊರಿನಲ್ಲಿ, ಒಂದೇ ದಾರಿಯಲ್ಲಿ ಓಡಾಡಿಕೊಂಡಿದ್ದರು. 'ದ್ರೋಹಿ' ಎಂಬ ಒಂದು ಪದದಲ್ಲಿ ಇದೆಲ್ಲ ಹಿಡಿಯುವುದಿಲ್ಲ ಎಂದು ಆ ಪದ ಬರೆದ ಹುಡುಗಿಯೇ ಅದನ್ನು ಹೊಡೆದುಹಾಕಿದಳು.

ಕೊನೆಯ ಭಾಗವನ್ನು ಆ ಹುಡುಗ ಬರೆದ. ಅದನ್ನೂ ಓದುತ್ತೇನೆ.

ವಿದ್ಯಾರ್ಥಿ: ಅಜ್ಜಿ, ನಿಮ್ಮ ಗದ್ದೆಯನ್ನು ಯಾರು ಹಿಡಿದರು?

ಅಜ್ಜಿ: ಅದನ್ನು ಮಾಡುತ್ತಿದ್ದ ಒಕ್ಕಲೇ.

ವಿದ್ಯಾರ್ಥಿ: ಆಮೇಲೆ ಅವರ ಜೊತೆ ಮಾತಾಡಿದಿರಾ?

ಅಜ್ಜಿ: ಇಲ್ಲ. ಅವರ ಮನೆಯ ಬಾವಿಗೆ ನೀರಿಗೆ ಹೋಗುವುದನ್ನು ಬಿಟ್ಟೆವು. ಅವರ ಮಗಳು ನನ್ನ ವಾರಗೆಯವಳು. ದಾರಿಯಲ್ಲಿ ಸಿಕ್ಕರೆ ಇಬ್ಬರೂ ನೆಲ ನೋಡಿಕೊಂಡು ಹೋಗುತ್ತಿದ್ದೆವು.

ವಿದ್ಯಾರ್ಥಿ: ಅವರು ಏಕೆ ಹಿಡಿದರು ಎಂದು ಯಾರಾದರೂ ಕೇಳಿದರಾ?

ಅಜ್ಜಿ: ಯಾರೂ ಕೇಳಲಿಲ್ಲ. ನಮಗೆ ಆಗ ಕೇಳುವ ಮನಸ್ಸು ಇರಲಿಲ್ಲ. ನೀನು ಈಗ ಕೇಳುತ್ತಿದ್ದೀಯ.

ವಿದ್ಯಾರ್ಥಿ: ನೀವು ಅವರನ್ನು ಕ್ಷಮಿಸಿದಿರಾ?

ಅಜ್ಜಿ: ಅದನ್ನು ನನ್ನ ಅಪ್ಪನಿಗೆ ಕೇಳಬೇಕಿತ್ತು ಮಗಾ. ಗದ್ದೆ ಅವನದು.

ಈ ಕೊನೆಯ ಉತ್ತರಕ್ಕೆ ಮುಂಚೆ ಮೂರು ಉತ್ತರಗಳನ್ನು ಬರೆದು ಹರಿದರು. ಒಂದರಲ್ಲಿ ಅಜ್ಜಿ ಕ್ಷಮಿಸಿದ್ದಳು, ಇನ್ನೊಂದರಲ್ಲಿ ಕ್ಷಮಿಸಿರಲಿಲ್ಲ, ಮೂರನೆಯದರಲ್ಲಿ ಅತ್ತಿದ್ದಳು. ಇಲ್ಲದ ಅಜ್ಜಿಯ ಬಾಯಿಂದ, ಇದ್ದ ಜನರ ಪರವಾಗಿ ಕ್ಷಮೆ ಕೊಡಿಸುವ ಅಧಿಕಾರ ನಮಗೆ ಇಲ್ಲ ಎಂದು ಹೇಳಿದ್ದು ನಾನಲ್ಲ, ಆ ಹುಡುಗ.

ಒಂದು ಎಚ್ಚರಿಕೆಯ ಮಾತು ಹೇಳಿ ಮುಗಿಸುತ್ತೇನೆ. ಈ ಸಂದರ್ಶನವನ್ನು ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಹಾಕಿದೆವು. ಮೊದಲ ಪುಟದ ಮೇಲೆ 'ಕಾಲ್ಪನಿಕ' ಎಂದು ಬರೆದಿದ್ದೆವು. ಮುಂದಿನ ವರ್ಷ ಒಂದು ಸಮಾರಂಭದಲ್ಲಿ ಭಾಷಣಕಾರರೊಬ್ಬರು 'ನಮ್ಮ ತಾಲ್ಲೂಕಿನ ವೃದ್ಧೆಯೊಬ್ಬರು ಹೇಳಿದ್ದಾರೆ, ಕಹಿಯಾದರೂ ಇದು ನಮ್ಮ ಉಪ್ಪು' ಎಂದು ಗದ್ಗದಿತರಾಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಸಭೆಯಲ್ಲಿದ್ದ ನಮ್ಮ ಏಳು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಎರಡನೆಯ ಪುಟವನ್ನು ಮಾತ್ರ ನಕಲು ಮಾಡಿಕೊಟ್ಟಿದ್ದರು. ತಪ್ಪು ಅವರದಲ್ಲ, ನನ್ನದು. ಒಂದು ಪುಟ ಬೇರೆಯಾದರೂ ಅದು ಏನೆಂದು ಗೊತ್ತಾಗಬೇಕಿತ್ತು. ಇನ್ನು ಹತ್ತು ವರ್ಷ ಹೋದರೆ ಆ ಅಜ್ಜಿ ನಿಜವಾಗಿಯೂ ಇದ್ದವಳಾಗಿಬಿಡುತ್ತಾಳೆ. ನಿಜವಾಗಿ ಇದ್ದ ಹೆಂಗಸರು, ಯಾರೂ ಕೇಳದೆ ಹೋದವರು, ಅವಳ ಹಿಂದೆ ಮರೆಯಾಗುತ್ತಾರೆ.

ಈ ಸಂಚಿಕೆಯಲ್ಲಿ ಆ ಸಂದರ್ಶನವನ್ನು ಪೂರ್ತಿ ಅಚ್ಚು ಮಾಡುತ್ತೇವೆ ಎಂದು ಸಂಪಾದಕ ಮಂಡಳಿಯವರು ಹೇಳಿದ್ದಾರೆ. ಸಂತೋಷ. ನನ್ನದು ಎರಡು ಬೇಡಿಕೆ. ಪ್ರತಿ ಪುಟದ ಕೆಳಗೂ 'ಇದು ವಿದ್ಯಾರ್ಥಿಗಳು ಕಲ್ಪಿಸಿ ಬರೆದ ಸಂದರ್ಶನ' ಎಂದು ಹಾಕಿ. ಮೂರು ಭಾಗದ ಆ ಹಾಳೆಯನ್ನೂ ಜೊತೆಗೆ ಅಚ್ಚು ಮಾಡಿ. ನಮ್ಮ ಮಕ್ಕಳು ಎಷ್ಟು ತಿಳಿದುಕೊಂಡರು ಎಂಬುದು ಆ ಹಾಳೆಯ ಎಡಭಾಗದಲ್ಲಿದೆ.

ಮತ್ತೆ ಈ ಸಭೆಯಲ್ಲಿ ಇರುವ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ತೀರ್ವೆಯ ಪಾವತಿ, ಜಪ್ತಿಯ ನೋಟೀಸು, ಲಿಲಾವಿನ ಕಾಗದ ಏನಾದರೂ ಇದ್ದರೆ ಸುಡಬೇಡಿ, ರದ್ದಿಗೆ ಹಾಕಬೇಡಿ. ಶಾಲೆಗೆ ಕೊಡಬೇಕೆಂದಿಲ್ಲ, ಒಂದು ಪ್ರತಿ ತೆಗೆದುಕೊಳ್ಳುವುದಕ್ಕೆ ಬಿಡಿ. ಗದ್ದೆ ಕಳೆದುಕೊಂಡವರ ಮನೆಯದಾದರೂ ಸರಿ, ಹಿಡಿದವರ ಮನೆಯದಾದರೂ ಸರಿ. ಹಾಗೆ ಒಂದೊಂದು ಕಾಗದ ಬಂದ ಹಾಗೆ ಮುಂದಿನ ಒಂಬತ್ತನೆಯ ತರಗತಿಯವರು ನಮ್ಮ ಕಲ್ಪನೆಯ ಅಜ್ಜಿಯ ಒಂದೊಂದು ಸಾಲನ್ನು ತೆಗೆದು, ಆ ಜಾಗಕ್ಕೆ ನಿಜವಾದದ್ದನ್ನು ಬರೆಯಬಹುದು.